ನಾತ ಎಲ್ಲಿಂದ?

ತಿಂಗಳು ಊರಲ್ಲಿದ್ದು ಮರಳಿದಾಗ ಸಿಂಕ್ ಗಬ್ಬು ನಾರುತ್ತಿದೆಯೇ? ಮೊದಲು ಎರಡು ಚೊಂಬು ನೀರು ಬಿಡಿ. ಸಿಂಕಿನ ಕೆಳಗಿನ ಬಾಗಿದ ಪೈಪಿನಲ್ಲಿ ನಿಂತಿರುವ ನೀರೇ ಚರಂಡಿ ಗಾಳಿಯನ್ನು ತಡೆಯುವುದು. ಅದು ಒಣಗಿದರೆ ನಾತ ನೇರ ಮನೆಯೊಳಗೆ.

ದಿನವೂ ಬಳಸುವ ಸಿಂಕ್ ನಾರಿದರೆ ಕಾರಣ ಬೇರೆ: ಜಾಲರಿಯ ಕೆಳಗೆ ಅಂಟಿದ ಜಿಡ್ಡು, ಅನ್ನದಗುಳು. ಜಾಲರಿ ತೆಗೆದು, ಹಳೇ ಬ್ರಷ್‌ಗೆ ಪಾತ್ರೆ ಸೋಪು ಹಚ್ಚಿ ಪೈಪಿನ ಬಾಯಿಯನ್ನು ಉಜ್ಜಿ, ಬಿಸಿನೀರು ಹಾಕಿ. ಕುದಿಯುವ ನೀರು ಬೇಡ, ಪಿವಿಸಿ ಪೈಪು ಸೊಟ್ಟಗಾದೀತು. ಅಡುಗೆ ಸೋಡಾ, ವಿನೆಗರ್ ಒಟ್ಟಿಗೆ ಸುರಿದರೆ ನೊರೆಯೇನೋ ನೋಡಲು ಚೆಂದ. ಆದರೆ ಒಂದರ ಗುಣವನ್ನು ಇನ್ನೊಂದು ಕಳೆಯುವುದರಿಂದ ಜಿಡ್ಡು ಅಲ್ಲೇ ಉಳಿಯುತ್ತದೆ.

ಸೋಡಾ ಕೆಲಸಕ್ಕೆ ಬರುವುದು ಫ್ರಿಜ್‌ನಲ್ಲಿ. ಪ್ಲಗ್ ಕಿತ್ತು, ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಬೆರೆಸಿ ಒಳಗೆಲ್ಲ ಒರೆಸಿ. ಬಾಗಿಲ ರಬ್ಬರಿನ ಮಡಿಕೆ ಮರೆಯಬೇಡಿ. ಆಮೇಲೂ ವಾಸನೆ ಹೋಗದಿದ್ದರೆ ಹಿಂಬದಿಯ ನೀರಿನ ತಟ್ಟೆ ನೋಡಿ. ಕೊಂಡ ದಿನದಿಂದ ಅದನ್ನು ಯಾರೂ ಮುಟ್ಟಿರುವುದಿಲ್ಲ!

ಕಸದ ಬುಟ್ಟಿಯಲ್ಲಿ ಹೆಚ್ಚು ನಾರುವುದು ಸೋರಿದ ರಸ. ತಳಕ್ಕೆ ನಾಲ್ಕು ಮಡಿಕೆ ಹಳೇ ಪೇಪರ್ ಹಾಸಿ, ದಿನವೂ ಬದಲಿಸಿ.