ಬರ, ಎಣ್ಣೆ, ಬೆಲೆ: ಪೂರೈಕೆಗೆ ಬಿದ್ದ ಪೆಟ್ಟಿನ ಕಥೆ

ಬೆಲೆಗಳು ಏರುವ ಕಾಲದಲ್ಲಿ ಅಂಗಡಿ ಕಾರ್ಖಾನೆಗಳು ಬಿರುಸಾಗಿ ನಡೆಯುವುವೆಂದೂ, ವ್ಯಾಪಾರವು ಮಂದವಾದಾಗ ಬೆಲೆಗಳು ತಾವಾಗಿಯೇ ಇಳಿಯುವುವೆಂದೂ ಜನಸಾಮಾನ್ಯರು ತಿಳಿದಿರುವರು. ಅನೇಕ ವರ್ಷಗಳ ಅನುಭವವೂ ಈ ತಿಳಿವಳಿಕೆಗೆ ಪೋಷಕವಾಗಿಯೇ ಇರುವುದು. ಆದರೆ ಈ ಎರಡು ಕಷ್ಟಗಳೂ, ಎಂದರೆ ಬೆಲೆಯ ಏರಿಕೆಯೂ ದುಡಿಮೆಯ ಕುಗ್ಗುವಿಕೆಯೂ, ಒಂದೇ ಕಾಲದಲ್ಲಿ ಒಂದೇ ಮನೆಯ ಬಾಗಿಲನ್ನು ತಟ್ಟುವುದುಂಟು. 1974-75ನೆಯ ಸಾಲಿನಲ್ಲಿ ಭರತಖಂಡದ ಸಗಟು ಬೆಲೆಗಳು ನೂರಕ್ಕೆ ಸುಮಾರು 25ರಷ್ಟು ಏರಿದುವು. ಅದೇ ಸಾಲಿನಲ್ಲಿ ರಾಷ್ಟ್ರೀಯ ಉತ್ಪತ್ತಿಯು ನೂರಕ್ಕೆ ಒಂದಕ್ಕಿಂತ ಸ್ವಲ್ಪ ಮಾತ್ರವೇ ಹೆಚ್ಚಿತು. ಜನಸಂಖ್ಯೆಯು ಅದಕ್ಕಿಂತ ವೇಗವಾಗಿ ಬೆಳೆಯುತ್ತಿದ್ದುದರಿಂದ ತಲೆಗೆ ಬೀಳುವ ಪಾಲು ಇಳಿದೇ ಹೋಯಿತು. ಇಂತಹ ಸ್ಥಿತಿಗೆ ಆಂಗ್ಲರು 'ಸ್ಟ್ಯಾಗ್‌ಫ್ಲೇಷನ್' ಎಂದು ಹೆಸರಿಟ್ಟಿರುವರು. ನಾವು ಇದನ್ನು ಮಂದಗತಿಯ ಉಬ್ಬರವೆನ್ನೋಣ. ಇದು ಹೇಗೆ ಹುಟ್ಟುವುದು, ಹೇಗೆ ಅಡಗುವುದು, ಅಡಗುವವರೆಗೆ ಅದರ ಭಾರವನ್ನು ಹೊರುವವರು ಯಾರು ಎಂಬುದು ಅಧಿಕಾರಿಗಳೂ ನಾಗರಿಕರೂ ವಿಚಾರಿಸಿ ನೋಡಬೇಕಾದ ವಿಷಯವು.

ಅರ್ಥಶಾಸ್ತ್ರಜ್ಞರು ಇದನ್ನು ಎರಡು ರೇಖೆಗಳಿಂದ ವಿವರಿಸುವರು. ಕಾಗದದ ಮೇಲೆ ಕೆಳಗಿನ ಅಂಚಿನುದ್ದಕ್ಕೂ ದೇಶದ ಒಟ್ಟು ಉತ್ಪತ್ತಿಯನ್ನೂ, ಎಡದ ಅಂಚಿನಲ್ಲಿ ಬೆಲೆಗಳ ಮಟ್ಟವನ್ನೂ ಗುರುತಿಸಿಕೊಳ್ಳಬೇಕು. ಬೆಲೆಗಳು ಏರಿದಷ್ಟೂ ಜನರ ಕೈಯಲ್ಲಿರುವ ಹಣಕ್ಕೆ ಸಿಕ್ಕುವ ಸರಕು ಕಡಿಮೆಯಾಗುವುದರಿಂದ ಒಟ್ಟು ಬೇಡಿಕೆಯ ರೇಖೆಯು ಎಡದಿಂದ ಬಲಕ್ಕೆ ಇಳಿಯುವುದು. ಒಟ್ಟು ಪೂರೈಕೆಯ ರೇಖೆಯಾದರೋ ಏರುವುದು. ಏಕೆಂದರೆ ಕೂಲಿ, ಬಾಡಿಗೆ, ಕರಾರುಗಳು ವರ್ಷಾರಂಭದಲ್ಲಿಯೇ ಗೊತ್ತಾಗಿರುವಾಗ ಮಾರಾಟದ ಬೆಲೆ ಹೆಚ್ಚಿದರೆ ಕಾರ್ಖಾನೆಯವನಿಗೆ ಲಾಭವೂ ಹೆಚ್ಚಿ, ಅವನು ಇನ್ನಷ್ಟು ಸರಕನ್ನು ತಯಾರಿಸಲು ಮನಸ್ಸು ಮಾಡುವನು. ಈ ಎರಡು ರೇಖೆಗಳು ಕೂಡುವ ಸ್ಥಳವೇ ಆ ವರ್ಷದ ಬೆಲೆ ಮತ್ತು ಉತ್ಪತ್ತಿ. ಇವಲ್ಲದೆ ಮೂರನೆಯದೊಂದು ನೆಟ್ಟನೆಯ ರೇಖೆಯುಂಟು. ದೇಶದ ಭೂಮಿ, ಯಂತ್ರ, ಜನಬಲ, ಜ್ಞಾನ ಇವುಗಳಿಗೆ ತಕ್ಕಂತೆ ಸಹಜವಾಗಿ ನಡೆಯಬಹುದಾದ ಉತ್ಪತ್ತಿಯನ್ನು ಅದು ತೋರಿಸುವುದು. ಹಣದ ಲೆಕ್ಕದಲ್ಲಿ ಬೆಲೆ ಎಷ್ಟೇ ಇರಲಿ, ಈ ಶಕ್ತಿಯು ಅದರಿಂದ ಹೆಚ್ಚದು, ಕುಗ್ಗದು.

ಈಗ ಪೆಟ್ಟು ಬೀಳುವ ಬಗೆಯನ್ನು ನೋಡೋಣ. ಒಂದು ಗಿರಣಿಯು ನೂರು ರೂಪಾಯಿಯ ಬಟ್ಟೆಗೆ ಹತ್ತಿಗಾಗಿ 50, ಕೂಲಿಗಾಗಿ 30, ಎಣ್ಣೆ ಮತ್ತು ವಿದ್ಯುತ್ತಿಗಾಗಿ 15 ರೂಪಾಯಿ ವೆಚ್ಚಮಾಡಿ 5 ರೂಪಾಯಿ ಉಳಿಸುತ್ತಿತ್ತೆಂದು ಭಾವಿಸೋಣ. ಎಣ್ಣೆ ವಿದ್ಯುತ್ತುಗಳ ವೆಚ್ಚವು ಇಮ್ಮಡಿಯಾದರೆ ಒಟ್ಟು ವೆಚ್ಚವು 110 ಆಗುವುದು. ಹಳೆಯ ಬೆಲೆಗೆ ಮಾರಿದರೆ ನಷ್ಟ. ಬೆಲೆ ಏರಿಸಿದರೆ ಕೊಳ್ಳುವವರು ಹಿಂಜರಿಯುವರು. ಗಿರಣಿಯವನು ಬೆಲೆಯನ್ನು ಸ್ವಲ್ಪ ಏರಿಸಿ, ಮಗ್ಗಗಳಲ್ಲಿ ಕೆಲವನ್ನು ನಿಲ್ಲಿಸುವನು. ದೇಶದಲ್ಲಿರುವ ಎಲ್ಲ ಗಿರಣಿಗಳೂ ಹೀಗೆಯೇ ಮಾಡಿದಾಗ ಪೂರೈಕೆಯ ರೇಖೆಯು ಎಡಕ್ಕೂ ಮೇಲಕ್ಕೂ ಸರಿದಂತಾಯಿತು. ಬೇಡಿಕೆಯು ಇದ್ದಲ್ಲಿಯೇ ಇದ್ದರೂ ಬೆಲೆ ಏರಿತು, ಉತ್ಪತ್ತಿ ಇಳಿಯಿತು. ಬೇಡಿಕೆಯು ಉಕ್ಕಿದ್ದರಿಂದ ಬೆಲೆ ಏರಿದ್ದರೆ ಉತ್ಪತ್ತಿಯೂ ಜೊತೆಗೆ ಏರುತ್ತಿತ್ತು. ಆದುದರಿಂದ ಬೆಲೆ ಉತ್ಪತ್ತಿಗಳೆರಡೂ ಒಂದೇ ದಿಕ್ಕಿಗೆ ನಡೆಯುತ್ತಿವೆಯೋ ಎದುರುಬದುರಾಗಿ ನಡೆಯುತ್ತಿವೆಯೋ ಎಂಬುದೇ ರೋಗವನ್ನು ಗುರುತಿಸುವ ಮೊದಲನೆಯ ನಾಡಿ.

ಈ ನಾಡಿಯನ್ನು ಹಿಡಿದು ಆ ದಿನಗಳನ್ನು ಪರೀಕ್ಷಿಸಿದರೆ ಒಂದರ ಹಿಂದೊಂದು ಎರಡು ಪೆಟ್ಟುಗಳು ಕಾಣುವುವು. 1972ರಲ್ಲಿ ಮಳೆಯು ಕೈಕೊಟ್ಟಿತು. ಮಹಾರಾಷ್ಟ್ರದಲ್ಲಂತೂ ಬರವು ಅತ್ಯುಗ್ರವಾಗಿತ್ತು. ಹಿಂದಿನ ವರ್ಷ ಸುಮಾರು 105 ಮಿಲಿಯನ್ ಟನ್ನು ಇದ್ದ ಆಹಾರಧಾನ್ಯದ ಬೆಳೆಯು 97ಕ್ಕೆ ಇಳಿಯಿತು. ಅದರ ಪೆಟ್ಟಿನಿಂದ ದೇಶವು ಚೇತರಿಸಿಕೊಳ್ಳುವ ಮೊದಲೇ 1973ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯದಲ್ಲಿ ಯುದ್ಧವು ಹೊತ್ತಿಕೊಂಡಿತು. ಪೀಪಾಯಿಗೆ ಮೂರು ಡಾಲರಿನಷ್ಟಿದ್ದ ಕಚ್ಚಾ ಎಣ್ಣೆಯ ಘೋಷಿತ ಬೆಲೆಯು 1974ರ ಜನವರಿಯ ಹೊತ್ತಿಗೆ ಹನ್ನೊಂದೂವರೆ ಡಾಲರನ್ನು ದಾಟಿತು. ಎಣ್ಣೆಯ ಹಿಂದೆಯೇ ಗೊಬ್ಬರದ ಬೆಲೆಯೂ ಏರಿತು. 1974ರಲ್ಲಿ ಮಳೆಯು ಮತ್ತೊಮ್ಮೆ ಸಾಲದಾಗಿ, ಬೆಳೆಯು ಪುನಃ ನೂರು ಮಿಲಿಯನ್ ಟನ್ನಿನ ಕೆಳಗೆ ಬಿದ್ದಿತು. ಬೆಲೆಗಳು 1973-74ರಲ್ಲಿ ನೂರಕ್ಕೆ 20ರಷ್ಟು ಏರಿದ್ದುವು; 1974ರ ಸೆಪ್ಟೆಂಬರಿನಲ್ಲಿ ವರ್ಷದ ಹಿಂದಿನದಕ್ಕೆ ಹೋಲಿಸಿದರೆ ಏರಿಕೆಯು 30ನ್ನೂ ಮೀರಿತು. ಬಾಂಗ್ಲಾ ನಿರಾಶ್ರಿತರಿಗಾಗಿಯೂ 1971ರ ಯುದ್ಧಕ್ಕಾಗಿಯೂ ಸರ್ಕಾರವು ಮಾಡಿದ ವೆಚ್ಚದಿಂದ ಚಲಾವಣೆಯ ಹಣವು ಮೊದಲೇ ಹಿಗ್ಗಿತ್ತೆಂಬುದನ್ನೂ ಇಲ್ಲಿ ಮರೆಯಲಾಗದು. ಉರಿಯುವ ಬೆಂಕಿಗೆ ತುಪ್ಪವೂ ಸೇರಿತ್ತು.

ಇಂತಹ ಸಮಯದಲ್ಲಿ ಸರ್ಕಾರದ ಮುಂದೆ ಮೂರು ದಾರಿಗಳಿರುವುವು; ಮೂರರಲ್ಲಿಯೂ ಮುಳ್ಳುಂಟು. ಮೊದಲನೆಯದು ಸುಮ್ಮನಿರುವುದು. ಮಗ್ಗಗಳು ನಿಂತು ಕೆಲಸವಿಲ್ಲದವರು ಹೆಚ್ಚಿದಂತೆ ಕೂಲಿಯ ದರವು ಮೆಲ್ಲಮೆಲ್ಲನೆ ಸಡಿಲುವುದು, ವೆಚ್ಚವು ತಗ್ಗುವುದು, ಪೂರೈಕೆಯ ರೇಖೆಯು ಬಂದ ದಾರಿಯಲ್ಲಿಯೇ ಹಿಂದಕ್ಕೆ ಸರಿಯುವುದು. ಕೊನೆಗೆ ಉತ್ಪತ್ತಿಯು ಸಹಜ ಮಟ್ಟಕ್ಕೂ ಬೆಲೆಯು ಹಳೆಯ ಮಟ್ಟಕ್ಕೂ ಮರಳುವುದು. ಶಾಸ್ತ್ರದ ಮಾತಿನಲ್ಲಿ ಇದಕ್ಕೆ ದೀರ್ಘಕಾಲವೆಂದು ಹೆಸರು. ಎರಡನೆಯದು ಹಣವನ್ನು ಧಾರಾಳವಾಗಿ ಬಿಟ್ಟು ಬೇಡಿಕೆಯನ್ನು ಬಲಕ್ಕೆ ತಳ್ಳುವುದು. ಕೆಲಸಗಳು ಬೇಗನೆ ಉಳಿಯುವುವು. ಆದರೆ ಏರಿದ ಬೆಲೆಯು ಏರಿದಲ್ಲಿಯೇ ನೆಲೆಯೂರುವುದು. ಮೂರನೆಯದು ಬೇಡಿಕೆಯನ್ನು ಹಿಂಡುವುದು. ಬೆಲೆಗೆ ಕಡಿವಾಣ ಬೀಳುವುದು. ನಿಂತ ಮಗ್ಗಗಳ ಸಂಖ್ಯೆಯು ಇನ್ನೂ ಹೆಚ್ಚುವುದು.

ಮೊದಲನೆಯ ದಾರಿಯು ಕಾಗದದ ಮೇಲೆ ಕಾಣುವಷ್ಟು ನೇರವಲ್ಲ. ಬೆಲೆ ಏರುತ್ತಿರುವಾಗ ಕಡಿಮೆ ಕೂಲಿಗೆ ಒಪ್ಪೆಂದು ಯಾವ ಸಂಸಾರವಂತನಿಗೆ ಹೇಳಬಹುದು? 1974ರ ಮೇ 8ರಿಂದ 27ರವರೆಗೆ ನಡೆದ ರೈಲ್ವೆ ಮುಷ್ಕರದಲ್ಲಿ ನೌಕರರು ಕೇಳಿದ್ದು ಹೆಚ್ಚಿನ ಸಂಬಳವನ್ನೂ ತುಟ್ಟಿಭತ್ಯವನ್ನೂ. ಅವರ ದೃಷ್ಟಿಯಿಂದ ಆ ಬೇಡಿಕೆಯು ನ್ಯಾಯವಾದುದೇ. ಆದರೆ ಹಾಳಾದ ಬೆಳೆಯೂ ಹೊರದೇಶಕ್ಕೆ ತೆತ್ತ ಎಣ್ಣೆಯ ಹಣವೂ ಯಾರ ಸಂಬಳವನ್ನು ಹೆಚ್ಚಿಸಿದರೂ ಹಿಂದಿರುಗಿ ಬರುವಂತಹವಲ್ಲ. ದೇಶವು ಒಟ್ಟಾಗಿ ಬಡವಾಗಿರುವಾಗ ಪ್ರತಿಯೊಂದು ವರ್ಗವೂ ತನ್ನ ಹಳೆಯ ಪಾಲನ್ನೇ ಉಳಿಸಿಕೊಳ್ಳಹೊರಟರೆ, ಕೂಲಿಯು ಬೆಲೆಯನ್ನೂ ಬೆಲೆಯು ಕೂಲಿಯನ್ನೂ ತಳ್ಳುತ್ತ ಪೂರೈಕೆಯ ರೇಖೆಯು ಹಿಂದಿರುಗುವುದಕ್ಕೆ ಬದಲಾಗಿ ಇನ್ನೂ ಮೇಲಕ್ಕೆ ಏರುವುದು.

1974ರ ಜುಲೈಯಲ್ಲಿ ಸರ್ಕಾರವು ಮೂರನೆಯ ದಾರಿಯನ್ನು ಹಿಡಿಯಿತು. ರಿಸರ್ವ್ ಬ್ಯಾಂಕು ತನ್ನ ಬ್ಯಾಂಕ್ ದರವನ್ನು ನೂರಕ್ಕೆ 7ರಿಂದ 9ಕ್ಕೆ ಏರಿಸಿತು. ಸುಗ್ರೀವಾಜ್ಞೆಗಳ ಮೂಲಕ ಸಂಬಳಗಾರರಿಗೆ ಬರುವ ಹೊಸ ಹೆಚ್ಚಳವನ್ನು ಪೂರ್ತಿಯಾಗಿಯೂ, ಹೆಚ್ಚುವರಿ ತುಟ್ಟಿಭತ್ಯದಲ್ಲಿ ಅರ್ಧವನ್ನೂ ಕಡ್ಡಾಯ ಠೇವಣಿಯಲ್ಲಿ ಇಡಿಸಲಾಯಿತು. ಕಂಪನಿಗಳು ಹಂಚುವ ಲಾಭಾಂಶಕ್ಕೆ ಮಿತಿ ಬಿದ್ದಿತು. ಹೆಚ್ಚಿನ ವರಮಾನದವರ ಮೇಲೆಯೂ ಕಡ್ಡಾಯ ಠೇವಣಿಯ ಹೊರೆ ಬಂದಿತು. ಅಂದಿನ ಕ್ರಮದ ಅರ್ಥವು ಸ್ಪಷ್ಟವಾಗಿದೆ: ಒಂದು ಕಡೆಯಿಂದ ಬೇಡಿಕೆಯನ್ನು ಎಡಕ್ಕೆ ಎಳೆಯುವುದು, ಇನ್ನೊಂದು ಕಡೆಯಿಂದ ಕೂಲಿಯ ಏರಿಕೆಯು ಪೂರೈಕೆಯ ರೇಖೆಯನ್ನು ಮತ್ತಷ್ಟು ಮೇಲೆತ್ತದಂತೆ ತಡೆಯುವುದು. ಸೆಪ್ಟೆಂಬರಿನ ಶಿಖರದಿಂದ ಬೆಲೆಗಳು ಇಳಿಮುಖವಾದುವು. ತುರ್ತು ಪರಿಸ್ಥಿತಿಯು ಘೋಷಿತವಾದುದು 1975ರ ಜೂನಿನಲ್ಲಿ. ಬೆಲೆಯನ್ನು ಇಳಿಸಿದ ಕೀರ್ತಿಯನ್ನು ಆ ಶಾಸನಕ್ಕೆ ಸಲ್ಲಿಸುವವರು ತಿಂಗಳುಗಳನ್ನು ಎಣಿಸಿ ನೋಡುವುದು ಒಳ್ಳೆಯದು. ಜನರ ಬಾಯಿಗೆ ಬೀಗ ಬೀಳುವ ಎಷ್ಟೋ ತಿಂಗಳ ಮೊದಲೇ ಬೆಲೆಯ ಬೆನ್ನು ಮುರಿದಿತ್ತು.

ಇನ್ನು ದೀರ್ಘಕಾಲದ ಮಾತು. 1975ರಲ್ಲಿ ಮಳೆಯು ಚೆನ್ನಾಗಿ ಆಯಿತು. ಧಾನ್ಯದ ಬೆಳೆ 121 ಮಿಲಿಯನ್ ಟನ್ನಿಗೆ ಏರಿತು. 1975-76ರಲ್ಲಿ ರಾಷ್ಟ್ರೀಯ ಉತ್ಪತ್ತಿಯು ನೂರಕ್ಕೆ 9ರಷ್ಟು ಹೆಚ್ಚಿ, ಬೆಲೆಗಳು ನೂರಕ್ಕೆ ಒಂದರಷ್ಟು ಇಳಿದುವು. ಬೆಲೆ ಇಳಿದು ಉತ್ಪತ್ತಿ ಏರಿತೆಂದರೆ ಪೂರೈಕೆಯ ರೇಖೆಯು ಬಲಕ್ಕೆ ಮರಳಿತೆಂದೇ ಅರ್ಥ. ಬೇಡಿಕೆಯನ್ನು ಹಿಂಡುವುದರಿಂದ ಮಾತ್ರವೇ ಇಂತಹ ಫಲವು ಬರಲಾರದು. ಹಿಂಡಿದರೆ ಎರಡೂ ಇಳಿಯಬೇಕಾಗಿತ್ತು. ಆದರೂ ಬೆಲೆಗಳು ಹಳೆಯ ಮಟ್ಟಕ್ಕೆ ಹೋಗಲಿಲ್ಲ. 1972-73ರಲ್ಲಿ ನೂರು ರೂಪಾಯಿಗೆ ಸಿಕ್ಕುತ್ತಿದ್ದ ಸಗಟು ಸರಕಿಗೆ 1975-76ರಲ್ಲಿ ಸುಮಾರು ನೂರೈವತ್ತು ರೂಪಾಯಿ ತೆರಬೇಕಾಗಿತ್ತು. ಏರಿಕೆಯು ನಿಂತಿತು, ಏರಿದ್ದು ಉಳಿಯಿತು. ನಡುವಿನ ವರ್ಷಗಳಲ್ಲಿ ಹಣದ ಬೇಡಿಕೆಯೂ ಮೇಲಕ್ಕೆ ಸರಿದಿತ್ತೆಂಬುದಕ್ಕೆ ಇದೇ ಸಾಕ್ಷಿ. ಬಡ್ಡಿಯನ್ನೇ ನಂಬಿದ ವಿಧವೆಯರೂ ಪಿಂಚಣಿದಾರರೂ ತೆತ್ತ ದಂಡವು ಯಾವ ಸುಗ್ರೀವಾಜ್ಞೆಯಲ್ಲಿಯೂ ಬರೆದಿರಲಿಲ್ಲ.

ಮಳೆಯು ಮರಳಿ ಬಂದುದು ನಮ್ಮ ಭಾಗ್ಯ. ಎಣ್ಣೆಯ ಬೆಲೆಯು ಹಾಗೆ ಮರಳಲಿಲ್ಲ. ಪೆಟ್ಟು ತಾತ್ಕಾಲಿಕವಾದರೆ ಸಹಜ ಉತ್ಪತ್ತಿಯ ನೆಟ್ಟನೆಯ ರೇಖೆಯು ಅಲುಗುವುದಿಲ್ಲ, ಕಾದರೆ ಹಿಂದಿನ ಸ್ಥಿತಿಯು ದೊರೆಯುವುದು. ಪೆಟ್ಟು ಶಾಶ್ವತವಾದರೆ ಅಗ್ಗದ ಎಣ್ಣೆಗಾಗಿ ಕಟ್ಟಿದ ಯಂತ್ರಗಳಲ್ಲಿ ಕೆಲವು ಲೆಕ್ಕಕ್ಕೇ ಬಾರದಾಗಿ ಆ ರೇಖೆಯೂ ಸ್ವಲ್ಪ ಎಡಕ್ಕೆ ಸರಿಯುವುದು. ಅದನ್ನರಿಯದೆ ಹಳೆಯ ಗುರಿಯನ್ನೇ ಮುಟ್ಟಲು ಹಣವನ್ನು ಸುರಿದರೆ ಕೈಗೆ ಬರುವುದು ಉಬ್ಬರವೊಂದೇ. ಅಮೆರಿಕದ ಚರಿತ್ರೆಯು ಇದಕ್ಕೆ ಎಚ್ಚರಿಕೆಯ ಪಾಠವಾಗಿದೆ. 1973ರಲ್ಲಿ ನೂರಕ್ಕೆ ಐದಕ್ಕಿಂತ ಕಡಿಮೆಯಿದ್ದ ನಿರುದ್ಯೋಗವು ಅಲ್ಲಿ 1975ರ ಮೇಯಲ್ಲಿ ಒಂಬತ್ತಕ್ಕೆ ಮುಟ್ಟಿತು. ಮುಂದೆ ಉದ್ಯೋಗವು ಚೇತರಿಸಿಕೊಂಡರೂ ಬೆಲೆ ಏರುತ್ತಲೇ ಇರುವುದೆಂಬ ನಂಬಿಕೆಯು ಜನರ ಮನಸ್ಸಿನಲ್ಲಿ ಬೇರೂರಿತ್ತು. 1979ರಲ್ಲಿ ಎಣ್ಣೆಯು ಮತ್ತೆ ಏರಿದಾಗ ಉಬ್ಬರವು ಎರಡಂಕಿಗೆ ಹಾರಿತು. ಆ ನಂಬಿಕೆಯನ್ನು ಕೀಳಲು ಪಾಲ್ ವೋಲ್ಕರ್ ಎಂಬವರ ನಾಯಕತ್ವದಲ್ಲಿ ಅಲ್ಲಿನ ಕೇಂದ್ರ ಬ್ಯಾಂಕು ಬಡ್ಡಿಯನ್ನು ವಿಪರೀತವಾಗಿ ಏರಿಸಬೇಕಾಯಿತು. 1982ರ ಕೊನೆಗೆ ನಿರುದ್ಯೋಗವು 10.8ಕ್ಕೆ ಏರಿದ ಮೇಲೆಯೇ ಆ ದೇಶವು ಸಹಜ ಸ್ಥಿತಿಯತ್ತ ಹೊರಳಿತು.

ದೀರ್ಘಕಾಲವೆಂಬುದು ಪಂಚಾಂಗದಲ್ಲಿ ಬರೆದಿಟ್ಟ ಅವಧಿಯಲ್ಲ. ನಾಳೆಯ ಬೆಲೆಯ ವಿಷಯದಲ್ಲಿ ಜನರಿಗಿರುವ ನಿರೀಕ್ಷೆಯೂ, ಅದನ್ನು ಅನುಸರಿಸಿ ಬರೆದ ಕೂಲಿಯ ಕರಾರುಗಳೂ ಸಡಿಲುವವರೆಗಿನ ಕಾಲವೇ ಅದು. ಒಂದು ದೇಶದಲ್ಲಿ ಎರಡು ವರ್ಷ, ಇನ್ನೊಂದರಲ್ಲಿ ಹತ್ತು ವರ್ಷ. ಮುಂದೆ ಇಂತಹ ಪೆಟ್ಟು ಬಿದ್ದಾಗ ಅಧಿಕಾರದಲ್ಲಿರುವವರು ಉತ್ತರಿಸಬೇಕಾದ ಪ್ರಶ್ನೆಗಳು ಎರಡು: ಕಳೆದುಹೋದದ್ದು ಒಂದು ಬೆಳೆಯೋ, ಒಂದು ಶಕ್ತಿಯೋ? ಆ ನಷ್ಟವನ್ನು ಕೆಲಸ ಕಳೆದುಕೊಂಡವನು ಹೊರಬೇಕೋ, ಕೂಡಿಟ್ಟವನು ಹೊರಬೇಕೋ, ಅಥವಾ ಇಬ್ಬರೂ ಹಂಚಿಕೊಳ್ಳಬೇಕೋ? ಮೊದಲನೆಯದಕ್ಕೆ ರೇಖೆಗಳು ಉತ್ತರ ಹೇಳಬಲ್ಲುವು. ಎರಡನೆಯದು ನ್ಯಾಯದ ಪ್ರಶ್ನೆ. ಅದನ್ನು ಪ್ರಜೆಗಳ ಎದುರಿನಲ್ಲಿ, ಶಾಸನಸಭೆಯಲ್ಲಿ, ಬಹಿರಂಗವಾಗಿ ತೀರ್ಮಾನಿಸಬೇಕೇ ಹೊರತು ಬೆಲೆಯ ಏರಿಕೆಯ ಕೈಗೆ ಒಪ್ಪಿಸಿ ಕುಳಿತಿರಬಾರದು.