ಗರಡಿಯ ಗದೆ, ಜಿಮ್ಮಿನ ವಾರ

ಶಾಲೆಯಲ್ಲಿ ಮನೆಪಾಠ ಮಾಡಿ ತರದವರಿಗೆ ಮೇಷ್ಟ್ರು ಹೊಡೆಸುತ್ತಿದ್ದ ಬಸ್ಕಿಯೇ ಗರಡಿಮನೆಯಲ್ಲಿ ಪೈಲ್ವಾನರ ನಿತ್ಯದ ಸಾಮು. ಮೈಸೂರಿನ ಹಳೆಯ ಗರಡಿಗಳಲ್ಲಿ ಹನುಮಂತನ ಪಟಕ್ಕೆ ಕೈಮುಗಿದು, ದಂಡ, ಬಸ್ಕಿ, ಗದೆ, ಕರೇಲ ಮುಗಿಸಿಯೇ ಕೆಮ್ಮಣ್ಣಿನ ಮಟ್ಟಿಗೆ ಇಳಿಯುವುದು ವಾಡಿಕೆ. ಈಗ ಅದೇ ಗದೆ ಉಕ್ಕಿನ ರೂಪದಲ್ಲಿ ಜಿಮ್‌ಗಳಿಗೂ ಬಂದಿದೆ. ತಂದಿಟ್ಟವರಿಗೆ ಕಾಡುವ ಪ್ರಶ್ನೆ ಒಂದೇ: ವಾರದಲ್ಲಿ ಇದನ್ನು ಯಾವತ್ತು, ಎಷ್ಟು ಮಾಡಬೇಕು?

1910ರಲ್ಲಿ ಲಂಡನ್ನಿಗೆ ಹೋಗಿ ಹೆಸರು ಮಾಡಿದ ಗಾಮಾ ಪೈಲ್ವಾನ ದಿನಕ್ಕೆ ಸಾವಿರಗಟ್ಟಲೆ ಬಸ್ಕಿ ಹೊಡೆಯುತ್ತಿದ್ದನೆಂಬ ಮಾತು ಎಲ್ಲ ಗರಡಿಗಳಲ್ಲೂ ಕೇಳಿಬರುತ್ತದೆ. ಆದರೆ ಆ ಕಾಲದ ಪೈಲ್ವಾನನಿಗೆ ಅದೇ ಉದ್ಯೋಗ. ಅರಮನೆಯ ಆಶ್ರಯವಿತ್ತು, ಹಾಲು, ತುಪ್ಪ, ಬಾದಾಮಿ ಇತ್ತು, ಮಧ್ಯಾಹ್ನದ ನಿದ್ದೆಯೂ ಇತ್ತು. ದಿನವಿಡೀ ಕುರ್ಚಿಯಲ್ಲಿ ಕೂರುವವರು ಆ ಲೆಕ್ಕವನ್ನು ನಕಲು ಮಾಡಿದರೆ ಎಡವಟ್ಟೇ ಆಗುತ್ತದೆ.

ಗರಡಿಯ ಬಸ್ಕಿ ಜಿಮ್ಮಿನ ಸ್ಕ್ವಾಟ್ ಅಲ್ಲ. ಪೂರ್ತಿ ಕೆಳಗಿಳಿದಾಗ ಹಿಮ್ಮಡಿ ಮೇಲೇಳುತ್ತದೆ, ಮಂಡಿ ಬೆರಳುಗಳನ್ನು ದಾಟಿ ಮುಂದೆ ಹೋಗುತ್ತದೆ, ಕೈಗಳು ತೂಗಿ ಲಯ ಕೊಡುತ್ತವೆ. ಭಾರವೆಲ್ಲ ತೊಡೆಯ ಮುಂಭಾಗ ಮತ್ತು ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ಮೇಲೆ. ಸ್ನಾಯು ಕೆಲವೇ ವಾರಗಳಲ್ಲಿ ಹುರಿಗೊಳ್ಳುತ್ತದೆ, ರಜ್ಜು ಗಟ್ಟಿಯಾಗಲು ತಿಂಗಳುಗಳೇ ಬೇಕು. ಹೀಗಾಗಿ ‘ಇನ್ನೂ ಐವತ್ತು ಹೊಡೆಯಬಲ್ಲೆ’ ಎಂದು ತೊಡೆ ಹೇಳುವಾಗಲೂ ಮಂಡಿ ಸಿದ್ಧವಾಗಿರುವುದಿಲ್ಲ.

ಗದೆಯ ಗುಟ್ಟು ತೂಕಕ್ಕಿಂತ ದೂರದಲ್ಲಿದೆ. ನಾಲ್ಕೈದು ಕಿಲೋ ಡಂಬೆಲ್ ಯಾರಿಗೂ ಭಾರವಲ್ಲ. ಅಷ್ಟೇ ತೂಕ ಉದ್ದನೆಯ ಕೋಲಿನ ತುದಿಯಲ್ಲಿದ್ದರೆ ಮಾತೇ ಬೇರೆ. ಎದೆಯ ಮುಂದೆ ನೆಟ್ಟಗೆ ಹಿಡಿದ ಗದೆಯನ್ನು ಒಂದು ಭುಜದ ಮೇಲಿಂದ ಬೆನ್ನ ಹಿಂದಕ್ಕೆ ಇಳಿಬಿಟ್ಟು, ಗಡಿಯಾರದ ಲೋಲಕದಂತೆ ತೂಗಿಸಿ, ಇನ್ನೊಂದು ಭುಜದ ಮೇಲಿಂದ ಎಳೆದು ತರಬೇಕು. ಮೇಲಿನ ಕೈಯನ್ನು ಗುಂಡಿನ ಕಡೆಗೆ ನಾಲ್ಕು ಬೆರಳು ಜರುಗಿಸಿದರೂ ಹಗುರವೆನಿಸುತ್ತದೆ. ಹೊಸಬರಿಗೆ ಇದೇ ಅನುಕೂಲ. ಗದೆ ಹಿಂದಕ್ಕೆ ಬಿದ್ದಾಗ ಸೊಂಟ ಬಿಲ್ಲಿನಂತೆ ಬಾಗಿ ಪಕ್ಕೆಲುಬು ಉಬ್ಬಿದರೆ, ಭುಜ ಮಾಡಬೇಕಾದ ಕೆಲಸವನ್ನು ಸೊಂಟ ಮಾಡುತ್ತಿದೆ ಎಂದರ್ಥ. ಪೃಷ್ಠವನ್ನು ಬಿಗಿ ಹಿಡಿದು, ಕೈ ಹಿಡಿತವನ್ನು ಮೇಲಕ್ಕೆ ಜರುಗಿಸಿದರೆ ಇದು ಸರಿಹೋಗುತ್ತದೆ.

ಸೋಮವಾರ ಕಾಲು, ಬುಧವಾರ ಎದೆ-ಭುಜ, ಶುಕ್ರವಾರ ಬೆನ್ನು ಎಂದು ಜಿಮ್‌ಗೆ ಹೋಗುವ ಒಬ್ಬ ನೌಕರನ ವಾರವನ್ನೇ ನೋಡೋಣ. ಸೋಮವಾರ ಬಾರ್‌ಬೆಲ್ ಹೊತ್ತು ಕಾಲು ದಣಿದಿರುತ್ತದೆ, ಭುಜ ಬಿಡುವಾಗಿರುತ್ತದೆ. ಕೊನೆಗೆ ಗದೆ ಹಿಡಿಯಲು ಅದು ಸರಿಯಾದ ದಿನ: ಕೈ ಬದಲಿಸುತ್ತಾ ಎರಡೂ ಕಡೆ ಹತ್ತತ್ತು ಸುತ್ತು, ಹೀಗೆ ಮೂರು ಸಲ. ಬುಧವಾರ ಭುಜಕ್ಕೆ ಕೆಲಸ ಬಿದ್ದಿರುವುದರಿಂದ ಗದೆ ಬೇಡ, ಹತ್ತರಂತೆ ಮೂರು ಸಲ ಬಸ್ಕಿ ಸಾಕು. ಶುಕ್ರವಾರ ಡೆಡ್‌ಲಿಫ್ಟ್ ಎತ್ತಿದ ಹಿಡಿತ ಸೋತಿರುತ್ತದೆ, ಆದ್ದರಿಂದ ಅಂದು ಗದೆಯೂ ಇಲ್ಲ, ಬಸ್ಕಿಯೂ ಇಲ್ಲ. ಶನಿವಾರ ಬೆಳಿಗ್ಗೆ ಮನೆಯ ಮಹಡಿಯ ಮೇಲೆ ಎರಡನ್ನೂ ಸೇರಿಸಬಹುದು, ಗದೆ ಮಾತ್ರ ಸೋಮವಾರದ ಅರ್ಧದಷ್ಟು. ಭಾನುವಾರ ರಜೆ. ವಾರಕ್ಕೊಮ್ಮೆ ಪ್ರತಿ ಸರದಿಗೆ ಎರಡೆರಡು ಬಸ್ಕಿ ಸೇರಿಸುತ್ತಾ ಹೋದರೆ, ಹನ್ನೆರಡು ವಾರ ಕಳೆಯುವಷ್ಟರಲ್ಲಿ ಒಂದು ಹೊತ್ತಿಗೆ ನೂರರ ಗಡಿ ಮುಟ್ಟಬಹುದು.

ಹೆಚ್ಚಾಯಿತೇ ಎಂಬುದಕ್ಕೆ ಮರುದಿನದ ಮೆಟ್ಟಿಲೇ ಸಾಕ್ಷಿ. ತೊಡೆ ಹಿಡಿದುಕೊಂಡರೆ ಸಹಜ; ಇಳಿಯುವಾಗ ಮಂಡಿಚಿಪ್ಪಿನ ಕೆಳಗೆ ಚುಚ್ಚಿದರೆ ಬಸ್ಕಿಯನ್ನು ಅರ್ಧಕ್ಕೆ ಇಳಿಸಬೇಕು. ಇನ್ನೊಂದು ಅಪಾಯ ದೊಡ್ಡದು. ಅಭ್ಯಾಸವಿಲ್ಲದವರು ಹುಮ್ಮಸ್ಸಿನಲ್ಲಿ ಒಮ್ಮೆಗೇ ಇನ್ನೂರು, ಮುನ್ನೂರು ಹೊಡೆದರೆ ಸ್ನಾಯುಕೋಶಗಳು ಒಡೆದು ಅವುಗಳ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೇ ಪೆಟ್ಟಾಗಬಹುದು. ತೊಡೆ ಊದಿಕೊಂಡು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾ ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮಂಡಿ ಸವೆತ, ಭುಜ ಜಾರಿದ ಇತಿಹಾಸ ಇರುವವರು ವೈದ್ಯರನ್ನು ಕೇಳಿಯೇ ಶುರು ಮಾಡುವುದು ಲೇಸು.

ಗದೆಯನ್ನು ಕೊಳ್ಳಲೇಬೇಕೆಂದಿಲ್ಲ. ಗಟ್ಟಿ ಬಿದಿರಿನ ಕೋಲಿನ ತುದಿಗೆ ಸಿಮೆಂಟ್ ಗುಂಡು ಎರಕ ಹೊಯ್ದು ಮನೆಯಲ್ಲೇ ಮಾಡಿಕೊಳ್ಳುವವರಿದ್ದಾರೆ. ಕೋಲಿನ ತುದಿಗೆ ಅಡ್ಡಲಾಗಿ ಒಂದೆರಡು ಮೊಳೆ ಹೊಡೆದು ಎರಕ ಹಾಕದಿದ್ದರೆ ಗುಂಡು ಸಡಿಲಗೊಳ್ಳುತ್ತದೆ. ಆದ್ದರಿಂದ ಪ್ರತಿ ಸಲ ತಿರುಗಿಸುವ ಮುನ್ನ ಅದನ್ನೊಮ್ಮೆ ತಿರುಚಿ ನೋಡಿ, ಹಿಂದೆ ಯಾರೂ ನಿಂತಿಲ್ಲವೆಂದು ಖಚಿತಪಡಿಸಿಕೊಳ್ಳಿ.