ಫೋಟೊದಲ್ಲಿ ಏನು ತಿದ್ದಿದ್ದೇವೆಂದು ಫೋಟೊದಲ್ಲೇ ಬರೆದಿಡುವುದು ಹೇಗೆ?

2024ರ ಮಾರ್ಚ್ 10ರಂದು ಬ್ರಿಟನ್ನಿನ ರಾಜಕುಮಾರಿ ಕೇಟ್ ತಮ್ಮ ಮೂವರು ಮಕ್ಕಳೊಂದಿಗೆ ಇರುವ ಫೋಟೊವೊಂದನ್ನು ಅರಮನೆ ಬಿಡುಗಡೆ ಮಾಡಿತು. ಅದೇ ರಾತ್ರಿ ಅಸೋಸಿಯೇಟೆಡ್ ಪ್ರೆಸ್, ರಾಯಿಟರ್ಸ್, ಎಎಫ್‌ಪಿ ಸುದ್ದಿಸಂಸ್ಥೆಗಳು ಅದನ್ನು ಹಿಂತೆಗೆದುಕೊಂಡವು. ಮಗಳ ಅಂಗಿಯ ತೋಳು ಮುಂಗೈ ಹತ್ತಿರ ಸರಿಯಾಗಿ ಕೂಡಿರಲಿಲ್ಲ. ಪತ್ರಕರ್ತರು ಕಡತದೊಳಗಿನ ಮಾಹಿತಿಯನ್ನು ತೆಗೆದು ನೋಡಿದರು. ಶುಕ್ರವಾರ ರಾತ್ರಿ ಒಮ್ಮೆ, ಶನಿವಾರ ಬೆಳಿಗ್ಗೆ ಇನ್ನೊಮ್ಮೆ ಅದನ್ನು ಫೋಟೊಶಾಪ್‌ನಲ್ಲಿ ಉಳಿಸಿದ್ದು ಗೊತ್ತಾಯಿತು. ಏನನ್ನು ತಿದ್ದಲಾಗಿದೆ ಎಂಬುದು ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ. ಮರುದಿನ ಕೇಟ್ ತಾವು ಎಡಿಟ್ ಮಾಡಿದ್ದಾಗಿ ಹೇಳಿ ಕ್ಷಮೆ ಕೇಳಿದರು.

ನಮ್ಮ ಕಂಪ್ಯೂಟರಿನಲ್ಲಿರುವ ತಿದ್ದಿದ ಫೋಟೊಗಳದ್ದೂ ಇದೇ ಸ್ಥಿತಿ. ಯಾವ ತಂತ್ರಾಂಶ, ಯಾವ ಹೊತ್ತು ಎಂಬುದನ್ನು ಯಂತ್ರ ತಾನಾಗಿ ಬರೆದುಕೊಳ್ಳುತ್ತದೆ. ಯಾವ ಮೂಲೆಯಲ್ಲಿ ಏನು ಸೇರಿತು, ಯಾವುದು ಊಹೆ, ಯಾವುದನ್ನು ಮುಟ್ಟಿಲ್ಲ ಎಂಬುದನ್ನು ತಿದ್ದಿದವರೇ ಬರೆಯಬೇಕು.

ಹಳೆಯ ಮದುವೆ ಫೋಟೊ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 1962ರ ಗ್ರೂಪ್ ಫೋಟೊ. ಬಲಗಡೆಯ ಕೆಳಮೂಲೆ ಹರಿದುಹೋಗಿದೆ, ಮೈತುಂಬ ಗೀರುಗಳಿವೆ. ಮೊದಲ ಕೆಲಸ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಆ ಟಿಫ್ ಕಡತವನ್ನು ಏನೂ ಮುಟ್ಟದೆ ಎತ್ತಿಡುವುದು. ಅದಕ್ಕೊಂದು ಬೆರಳಚ್ಚು ತೆಗೆಯಬೇಕು. ವಿಂಡೋಸ್‌ನಲ್ಲಿ ಇಷ್ಟು ಸಾಕು:

```
certutil -hashfile scan-0147.tif SHA256
```

64 ಅಕ್ಷರಗಳ ಸಾಲೊಂದು ಬರುತ್ತದೆ. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಈ ಸಾಲು ಪೂರ್ತಿ ಬೇರೆಯಾಗುತ್ತದೆ. ಮುಂದೆ ಯಾರಾದರೂ ಇದೇ ಮೂಲ ಸ್ಕ್ಯಾನ್ ಎಂದು ಒಂದು ಕಡತವನ್ನು ತೋರಿಸಿದರೆ ಹೌದೋ ಅಲ್ಲವೋ ಎಂದು ಇದರಿಂದ ತಿಳಿಯಬಹುದು.

ತಿದ್ದುವ ಕೆಲಸ ಮುಗಿದ ಮೇಲೆ ಟಿಪ್ಪಣಿಯನ್ನು ನೋಟ್‌ಪ್ಯಾಡಿನಲ್ಲಿ ಬರೆದು, ಯುಟಿಎಫ್-8 ಆಗಿ note.txt ಹೆಸರಿನಲ್ಲಿ ಉಳಿಸಿ. ಅದು ಹೀಗಿರಬಹುದು: "scan-0147.tif ಇಂದ ತಯಾರಾದದ್ದು. ಗೀರು, ಧೂಳಿನ ಕಲೆ ತೆಗೆದಿದೆ. ಬಲ ಕೆಳಮೂಲೆ ಹರಿದಿತ್ತು. ಅಲ್ಲಿನ ಮೆಟ್ಟಿಲು, ಕೊನೆಯಲ್ಲಿ ನಿಂತವರ ಪಾದ ಊಹೆಯಿಂದ ಬರೆದದ್ದು. ಮುಖಗಳನ್ನು ಮುಟ್ಟಿಲ್ಲ." ಇದರ ಕೆಳಗೆ ಆ 64 ಅಕ್ಷರಗಳ ಸಾಲು, ತಿದ್ದಿದವರ ಹೆಸರು, ದಿನಾಂಕ. ಮುಖಗಳ ಕುರಿತ ವಾಕ್ಯವನ್ನು ಬಿಡಬೇಡಿ. ಐವತ್ತು ವರ್ಷದ ನಂತರ ಈ ಫೋಟೊ ನೋಡುವ ಮೊಮ್ಮಕ್ಕಳಿಗೆ ಅಜ್ಜಿಯ ಮೂಗು ನಿಜವಾಗಿಯೂ ಹೀಗೇ ಇತ್ತೇ ಎಂಬುದು ಮೆಟ್ಟಿಲಿಗಿಂತ ಮುಖ್ಯ.

ಈ ಟಿಪ್ಪಣಿಯನ್ನು ಕಡತದೊಳಗೆ ಎಲ್ಲಿ ಇಡಬೇಕು? ಎಕ್ಸಿಫ್, ಐಪಿಟಿಸಿ, ಎಕ್ಸ್‌ಎಂಪಿ ಎಂಬ ಮೂರು ಜಾಗಗಳಿವೆ. ಕನ್ನಡದಲ್ಲಿ ಬರೆಯುವವರಿಗೆ ಎಕ್ಸ್‌ಎಂಪಿಯೇ ಸರಿ. ಎಕ್ಸಿಫ್‌ನ ವಿವರಣೆಯ ಜಾಗವನ್ನು ಮಾಡಿದ್ದು ಇಂಗ್ಲಿಷ್ ಅಕ್ಷರಗಳಿಗೆ. ಹಳೆಯ ಐಪಿಟಿಸಿಯ ಅಡಿಬರಹಕ್ಕೆ 2000 ಬೈಟ್‌ಗಳ ಮಿತಿಯಿದೆ. ಕನ್ನಡದ ಒಂದೊಂದು ಅಕ್ಷರಕ್ಕೂ, ಅದಕ್ಕೆ ಸೇರುವ ಒಂದೊಂದು ಸ್ವರಚಿಹ್ನೆಗೂ ಮೂರು ಬೈಟ್ ಬೇಕಾಗುವುದರಿಂದ ಟಿಪ್ಪಣಿ ಬೇಗ ತುಂಡಾಗುತ್ತದೆ. ಎಕ್ಸ್‌ಎಂಪಿ ಯೂನಿಕೋಡನ್ನೇ ಬಳಸುತ್ತದೆ. ಇದಕ್ಕೆ ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶವಿದೆ. ವಿಂಡೋಸ್‌ನ ಕಪ್ಪು ಪರದೆಯಲ್ಲಿ ನೇರವಾಗಿ ಕನ್ನಡ ಟೈಪ್ ಮಾಡಿದರೆ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಕೆಡುವುದುಂಟು. ಟಿಪ್ಪಣಿಯನ್ನು ಬೇರೆ ಕಡತದಿಂದ ಓದಿಸುವುದು ಅದಕ್ಕಾಗಿಯೇ. ಇಲ್ಲಿ maduve.jpg ಎಂಬುದು ತಿದ್ದಿದ ಪ್ರತಿ:

```
exiftool "-XMP-dc:Description<=note.txt" "-XMP-dc:Source=scan-0147.tif" maduve.jpg
exiftool "-XMP-iptcExt:DigitalSourceType=http://cv.iptc.org/newscodes/digitalsourcetype/humanEdits" maduve.jpg
```

ಎರಡನೆಯ ಆಜ್ಞೆಯಲ್ಲಿರುವುದು ಐಪಿಟಿಸಿ ಸಂಸ್ಥೆಯ ಸಂಕೇತ ಪಟ್ಟಿಯ ವಿಳಾಸ. humanEdits ಎಂದರೆ ಮನುಷ್ಯರು ಕೈಯಾರೆ ತಿದ್ದಿದ್ದು. ಮೂಲೆಯನ್ನು ಎಐ ಸಾಧನದಿಂದ ತುಂಬಿಸಿದ್ದರೆ ಆ ಪದದ ಬದಲು compositeWithTrainedAlgorithmicMedia ಎಂದಿರಬೇಕು.

ಈಗ ಆ ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ನಿಮ್ಮದೇ ಇನ್ನೊಂದು ನಂಬರಿಗೆ ಕಳಿಸಿ, ಅಲ್ಲಿ ಇಳಿಸಿಕೊಂಡ ಪ್ರತಿಯ ಮೇಲೆ ಎಕ್ಸಿಫ್‌ಟೂಲ್ ಓಡಿಸಿ ನೋಡಿ. ಟಿಪ್ಪಣಿ ಹೋಗಿರುತ್ತದೆ. ಫೋಟೊವನ್ನು ಚಿಕ್ಕದು ಮಾಡಿ ಹೊಸದಾಗಿ ಕಟ್ಟುವಾಗ ವಾಟ್ಸ್ಆ್ಯಪ್ ಹಳೆಯ ಮಾಹಿತಿಯನ್ನು ಕೈಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಕಡತ ಇದ್ದ ಹಾಗೇ ಹೋಗುತ್ತದೆ. ಆದರೆ ಅತ್ತಿಗೆಯೋ ಚಿಕ್ಕಪ್ಪನೋ ಅದನ್ನು ಕುಟುಂಬದ ಗುಂಪಿಗೆ ದಾಟಿಸುವಾಗ ಹಾಗೆಯೇ ಮಾಡುತ್ತಾರೆಂದು ನೆಚ್ಚಿಕೊಳ್ಳುವಂತಿಲ್ಲ. ಸ್ಕ್ರೀನ್‌ಶಾಟ್ ತೆಗೆದರಂತೂ ಏನೂ ಉಳಿಯುವುದಿಲ್ಲ.

ಕಣ್ಣಿಗೆ ಕಾಣುವ ಗುರುತು ಬೇಕಾಗುವುದು ಇದಕ್ಕೇ. ಫೋಟೊದ ಮೇಲೆ ಅಡ್ಡಲಾಗಿ ಹೆಸರು ಬರೆದರೆ ಚಿತ್ರ ಹಾಳು, ಏನು ಬದಲಾಗಿದೆ ಎಂಬುದೂ ತಿಳಿಯುವುದಿಲ್ಲ. ಫೋಟೊದ ಕೆಳಗೆ ಬಿಳಿ ಪಟ್ಟಿಯೊಂದನ್ನು ಸೇರಿಸಿ, "ತಿದ್ದಿದ ಪ್ರತಿ. ಬಲ ಕೆಳಮೂಲೆ ಊಹೆ. ಮೂಲ: 0147" ಎಂದು ಬರೆಯಿರಿ. ಅಕ್ಷರದ ಎತ್ತರ ಫೋಟೊದ ಅಗಲದ ನೂರಕ್ಕೆ ಎರಡೂವರೆಯಷ್ಟಿದ್ದರೆ, ಏಳು ಸೆಂಟಿಮೀಟರ್ ಅಗಲದ ಮೊಬೈಲ್ ಪರದೆಯಲ್ಲಿ ಅದು ಸುಮಾರು ಒಂದೂಮುಕ್ಕಾಲು ಮಿಲಿಮೀಟರ್ ಆಗುತ್ತದೆ, ಓದಲು ಸಾಕು. ಪಟ್ಟಿಯಲ್ಲಿ ಒತ್ತಕ್ಷರಗಳು ಕೆಳಗೆ ಕೂತಿವೆಯೇ ಎಂದು ಒಮ್ಮೆ ನೋಡಿ. ಭಾರತೀಯ ಲಿಪಿಗಳ ವ್ಯವಸ್ಥೆಯನ್ನು ಆರಿಸದಿದ್ದರೆ ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಅವು ಬಿಡಿಬಿಡಿಯಾಗಿ ನಿಲ್ಲುತ್ತವೆ.

ಪಟ್ಟಿಯನ್ನು ಕತ್ತರಿಸಿಬಿಡಬಹುದಲ್ಲ? ನಿಜ. ಆದ್ದರಿಂದ ಊಹೆಯ ಭಾಗವೂ ತನ್ನ ಗುರುತನ್ನು ತಾನೇ ಹೊತ್ತಿರುವುದು ಒಳ್ಳೆಯದು. ಈ ಪ್ರಶ್ನೆಗೆ 1940ರ ದಶಕದಲ್ಲೇ ರೋಮಿನ ಕೇಂದ್ರ ಸಂರಕ್ಷಣಾ ಸಂಸ್ಥೆಯಲ್ಲಿ ಚೆಸಾರೆ ಬ್ರಾಂಡಿ ಮತ್ತು ಅವರ ಸಂಗಡಿಗರು ಉತ್ತರ ಹುಡುಕಿದ್ದರು. ಹಳೆಯ ವರ್ಣಚಿತ್ರದಲ್ಲಿ ಬಣ್ಣ ಉದುರಿಹೋದ ಜಾಗವನ್ನು ಅವರು ತೆಳುವಾದ ಲಂಬ ಗೆರೆಗಳಿಂದ ತುಂಬುತ್ತಿದ್ದರು. ದೂರದಿಂದ ಚಿತ್ರ ಇಡಿಯಾಗಿ ಕಾಣುತ್ತದೆ. ಹತ್ತಿರ ಹೋದರೆ ಗೆರೆಗಳು ಕಂಡು, ಇದು ಮೂಲ ಕಲಾವಿದನದಲ್ಲ ಎಂದು ತಿಳಿಯುತ್ತದೆ. ಈ ವಿಧಾನಕ್ಕೆ ತ್ರತ್ತೆಜ್ಜೊ ಎನ್ನುತ್ತಾರೆ. ಮದುವೆ ಫೋಟೊದ ಮೂಲೆಯಲ್ಲೂ ಹೀಗೆ ಮಾಡಬಹುದು: ತುಂಬಿದ ಭಾಗವನ್ನು ಬೇರೆ ಪದರದಲ್ಲಿಟ್ಟು, ಅದರ ಮೇಲೆ ಸಣ್ಣ ಲಂಬ ಗೆರೆಗಳನ್ನು ಎಳೆಯುವುದು. ಗೆರೆಗಳು ತೀರಾ ಸಣ್ಣದಾದರೆ ಫೋಟೊ ಕುಗ್ಗಿದಾಗ ಕರಗಿಹೋಗುತ್ತವೆ. ಇದನ್ನೂ ವಾಟ್ಸ್ಆ್ಯಪ್‌ನಲ್ಲಿ ಕಳಿಸಿಯೇ ಪರೀಕ್ಷಿಸಬೇಕು.

ಇನ್ನು ಉಳಿದದ್ದು ಸಹಿ. ಎಕ್ಸ್‌ಎಂಪಿ ಟಿಪ್ಪಣಿಯನ್ನು ಯಾರು ಬೇಕಾದರೂ ಬದಲಾಯಿಸಬಹುದು, "ಮುಖಗಳನ್ನು ಮುಟ್ಟಿಲ್ಲ" ಎಂಬುದನ್ನು ಉಳಿಸಿಕೊಂಡೇ ಮುಖವನ್ನು ತಿದ್ದಬಹುದು. ಇದನ್ನು ಪತ್ತೆ ಮಾಡಲು 2021ರಲ್ಲಿ ಅಡೋಬಿ, ಬಿಬಿಸಿ, ಮೈಕ್ರೋಸಾಫ್ಟ್ ಮುಂತಾದವರು ಸೇರಿ ಸಿ2ಪಿಎ ಎಂಬ ಒಕ್ಕೂಟ ಕಟ್ಟಿದರು. ಅವರ ಮಾನದಂಡದ ಪ್ರಕಾರ ಮಾಡಿದ ಕೆಲಸಗಳ ಪಟ್ಟಿ, ಮೂಲ ಕಡತದ ಉಲ್ಲೇಖ, ಫೋಟೊದ ಬೆರಳಚ್ಚು ಇವೆಲ್ಲ ಒಂದು ಕಟ್ಟಾಗಿ, ಡಿಜಿಟಲ್ ಸಹಿಯೊಂದಿಗೆ ಕಡತದೊಳಗೆ ಕೂರುತ್ತವೆ. c2patool ಎಂಬ ಉಚಿತ ಸಾಧನದಿಂದ ಸಹಿ ಹಾಕಬಹುದು, ಪರೀಕ್ಷಿಸಲೂಬಹುದು. ಸ್ವಂತ ಪ್ರಮಾಣಪತ್ರ ಕೊಡದಿದ್ದರೆ ಅದು ತನ್ನಲ್ಲಿರುವ ಪರೀಕ್ಷಾ ಪ್ರಮಾಣಪತ್ರವನ್ನು ಬಳಸುತ್ತದೆ. ಅಂಥ ಸಹಿಯಿಂದ ಹಾಕಿದವರು ಯಾರೆಂಬುದು ಸಾಬೀತಾಗುವುದಿಲ್ಲ.

ಇಲ್ಲಿ ಕೆಲಸದ ಕ್ರಮ ತಪ್ಪಬಾರದು. ಮೊದಲು ಗೆರೆ ಮತ್ತು ಪಟ್ಟಿ, ಆಮೇಲೆ ಟಿಪ್ಪಣಿ, ಎಲ್ಲಕ್ಕಿಂತ ಕೊನೆಗೆ ಸಹಿ. ಸಹಿಯಾದ ಮೇಲೆ ಎಕ್ಸಿಫ್‌ಟೂಲ್‌ನಿಂದ ಒಂದು ಅಕ್ಷರ ಸೇರಿಸಿದರೂ ಬೆರಳಚ್ಚು ತಾಳೆಯಾಗುವುದಿಲ್ಲ, ಪರೀಕ್ಷೆಯಲ್ಲಿ assertion.dataHash.mismatch ಎಂದು ಬರುತ್ತದೆ. ಈ ಸಾಲು ಕಂಡರೆ ಸಹಿಯ ನಂತರ ಯಾರೋ ಕಡತವನ್ನು ಮುಟ್ಟಿದ್ದಾರೆ ಎಂದಷ್ಟೇ ಅರ್ಥ. ಮುಟ್ಟಿದ್ದು ಮುಖವನ್ನೋ ಟಿಪ್ಪಣಿಯನ್ನೋ ಎಂದು ಅದು ಹೇಳುವುದಿಲ್ಲ. ತಾಳೆಯಾದರೂ, ಸಹಿ ಹಾಕಿದವರು ಬರೆದದ್ದು ಬದಲಾಗಿಲ್ಲ ಎಂದಷ್ಟೇ ತಿಳಿಯುತ್ತದೆ, ಅವರು ಬರೆದದ್ದು ನಿಜವೇ ಎಂಬುದಲ್ಲ. ಆ ಅನುಮಾನ ಬಂದಾಗ ಪಟ್ಟಿಯಲ್ಲಿರುವ 0147 ಎಂಬ ಸಂಖ್ಯೆ ಹಿಡಿದು ಮೂಲ ಸ್ಕ್ಯಾನನ್ನು ಹೊರಗೆ ತೆಗೆದು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಹಾಗಾಗಿ ಆ ಟಿಫ್ ಕಡತದ ಎರಡು ಪ್ರತಿಗಳನ್ನು ಎರಡು ಬೇರೆ ಡಿಸ್ಕ್‌ಗಳಲ್ಲಿ ಇಡಿ, ಬೆರಳಚ್ಚಿನ ಸಾಲನ್ನು ಮುದ್ರಿಸಿ ಮೂಲ ಫೋಟೊ ಇರುವ ಲಕೋಟೆಯೊಳಗೆ ಸೇರಿಸಿ.